ಮುಚ್ಚಿದ ಟ್ಯಾಂಕಿನಲ್ಲಿ ಹಬೆ ತಣ್ಣಗಾದರೆ

ಒಂದು ಘನ ಮೀಟರ್ ಅಂದರೆ ಸಾವಿರ ಲೀಟರ್ ಹಿಡಿಯುವ ಗಟ್ಟಿ ಉಕ್ಕಿನ ಟ್ಯಾಂಕ್. ಒಳಗೆ 10 ಬಾರ್ ಒತ್ತಡದ ಹಬೆ ತುಂಬಿದೆ. ಒಂದು ತೊಟ್ಟು ನೀರೂ ಬೆರೆಯದ, ಆದರೆ ಸ್ವಲ್ಪ ಶಾಖ ಕಳೆದುಕೊಂಡರೂ ನೀರಾಗಲು ಶುರುವಾಗುವ ಹಬೆ ಅದು. ಬಾಯ್ಲರ್ ಕೆಲಸದವರು ಇದನ್ನು ಡ್ರೈ ಸ್ಯಾಚುರೇಟೆಡ್ ಸ್ಟೀಮ್ ಎನ್ನುತ್ತಾರೆ. ಎಲ್ಲ ವಾಲ್ವ್‌ಗಳನ್ನೂ ಬಿಗಿಯಾಗಿ ಮುಚ್ಚಿ ಟ್ಯಾಂಕನ್ನು ತಣ್ಣಗಾಗಲು ಬಿಟ್ಟರೆ, 100 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಒಳಗಿನ ಒತ್ತಡ ಎಷ್ಟಿರುತ್ತದೆ? ಎಷ್ಟು ಹಬೆ ಹಬೆಯಾಗಿಯೇ ಉಳಿದು, ಎಷ್ಟು ನೀರಾಗಿರುತ್ತದೆ?

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರೆಲ್ಲ ಪರೀಕ್ಷೆಯಲ್ಲಿ ಈ ಲೆಕ್ಕವನ್ನು ಒಮ್ಮೆಯಾದರೂ ಮಾಡಿರುತ್ತಾರೆ. ಹಲವರು ಸೂತ್ರಕ್ಕೆ ಅಂಕಿ ತುಂಬಿ ಉತ್ತರ ಬರೆದು ಮರೆತೂಬಿಟ್ಟಿರುತ್ತಾರೆ. ಆದರೆ ಲೆಕ್ಕದೊಳಗೆ ನಡೆಯುವುದನ್ನು ಗಮನಿಸಿದರೆ, ಬಿಸಿ ನೀರು, ಹಬೆ ಬಳಸಿ ತೊಳೆದ ಟ್ಯಾಂಕ್‌ಗಳು ಯಾರೂ ಮುಟ್ಟದಿದ್ದರೂ ಒಳಕ್ಕೆ ಕುಸಿಯುವುದೇಕೆ ಎಂಬುದೂ ಅರ್ಥವಾಗುತ್ತದೆ. ಇದಕ್ಕೆ ಕ್ಯಾಲ್ಕುಲಸ್ ಬೇಕಿಲ್ಲ. ಕೂಡು, ಕಳೆ, ಗುಣಿಸು, ಭಾಗಿಸು ಗೊತ್ತಿದ್ದು, ಕೈಯಲ್ಲಿ ಒಂದು ಸ್ಟೀಮ್ ಟೇಬಲ್ ಇದ್ದರೆ ಸಾಕು.

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಶಾಲೆಯಲ್ಲಿ ಕಲಿತ ಅನಿಲ ನಿಯಮ. ಗಾತ್ರ ಬದಲಾಗದಿದ್ದರೆ ಒತ್ತಡವು ತಾಪಮಾನಕ್ಕೆ ಅನುಗುಣವಾಗಿ ಇಳಿಯುತ್ತದೆ ಎಂದು ಅದು ಹೇಳುತ್ತದೆ. 10 ಬಾರ್‌ನ ಸ್ಯಾಚುರೇಟೆಡ್ ಹಬೆಯ ತಾಪಮಾನ 179.9 ಡಿಗ್ರಿ, ಕೆಲ್ವಿನ್ ಲೆಕ್ಕದಲ್ಲಿ 453. ಅದು 373 ಕೆಲ್ವಿನ್‌ಗೆ, ಅಂದರೆ 100 ಡಿಗ್ರಿಗೆ ಇಳಿದಾಗ ಒತ್ತಡ ಸುಮಾರು 8.2 ಬಾರ್ ಇರಬೇಕು ಎಂದು ಈ ನಿಯಮ ಹೇಳುತ್ತದೆ. ನಿಜವಾಗಿ ಇರುವುದು 1.014 ಬಾರ್. ಎಂಟು ಪಟ್ಟು ವ್ಯತ್ಯಾಸ! ಅನಿಲದ ನಿಯಮವನ್ನು ದೂರಿ ಪ್ರಯೋಜನವಿಲ್ಲ. ಒಳಗಿರುವ ವಸ್ತು ಅಷ್ಟೂ ಅನಿಲವಾಗಿಯೇ ಉಳಿಯುತ್ತದೆ ಎಂದುಕೊಂಡಲ್ಲಿ ಎಡವಟ್ಟಾಯಿತು. ಟ್ಯಾಂಕ್ ತಣ್ಣಗಾಗತೊಡಗಿದ ಕ್ಷಣದಿಂದಲೇ ಗೋಡೆಯ ಒಳಮೈ ಮೇಲೆ ಹನಿಗಳು ಮೂಡುತ್ತವೆ, ಜಾರಿ ತಳ ಸೇರುತ್ತವೆ. ಗೋಡೆಗೆ ಬಡಿದು ಒತ್ತಡ ಕೊಡಬೇಕಿದ್ದ ಅಣುಗಳು ಒಂದೊಂದಾಗಿ ನೀರಿನೊಳಗೆ ಸೇರಿಹೋಗುತ್ತವೆ.

ನೀರು ಮತ್ತು ಹಬೆ ಒಂದೇ ಪಾತ್ರೆಯಲ್ಲಿ ಜೊತೆಯಾಗಿದ್ದು ಎರಡೂ ಒಂದೇ ತಾಪಮಾನಕ್ಕೆ ಬಂದಿದ್ದರೆ, ಒತ್ತಡವನ್ನು ತೀರ್ಮಾನಿಸುವುದು ಆ ತಾಪಮಾನ ಮಾತ್ರ. 100 ಡಿಗ್ರಿಯಲ್ಲಿ ಅದು 1.014 ಬಾರ್. ಟ್ಯಾಂಕ್ ಚಿಕ್ಕದಿರಲಿ ದೊಡ್ಡದಿರಲಿ, ತಳದಲ್ಲಿ ಒಂದು ಲೋಟ ನೀರಿರಲಿ ಅರ್ಧ ಟ್ಯಾಂಕ್ ಇರಲಿ, ಆ ಅಂಕಿ ಬದಲಾಗುವುದಿಲ್ಲ. ನೀರಿನಿಂದ ಹೊರಬರುವ ಅಣುಗಳೂ ನೀರಿಗೆ ಮರಳುವ ಅಣುಗಳೂ ಸಮನಾಗುವ ಒತ್ತಡ ಪ್ರತಿ ತಾಪಮಾನಕ್ಕೂ ಒಂದೇ ಒಂದು ಇರುತ್ತದೆ. ಸ್ಟೀಮ್ ಟೇಬಲ್ ಎಂದರೆ ಮೂಲತಃ ಈ ಜೋಡಿಗಳ ಪಟ್ಟಿ. ಫ್ರಾನ್ಸಿನ ವಿಜ್ಞಾನಿ ಹೆನ್ರಿ ವಿಕ್ಟರ್ ರೆನ್ಯೋ ವರ್ಷಗಟ್ಟಲೆ ತಾಳ್ಮೆಯಿಂದ ಅಳೆದು 1847ರಲ್ಲಿ ಪ್ರಕಟಿಸಿದ ಅಂಕಿಗಳು ಇಂಥ ಕೋಷ್ಟಕಗಳಿಗೆ ಬಹುಕಾಲ ಆಧಾರವಾಗಿದ್ದವು. ಸ್ಟೀಮ್ ಇಂಜಿನ್‌ಗಳ ಲೆಕ್ಕಕ್ಕೆ ನಂಬಲರ್ಹ ಅಂಕಿ ಬೇಕೆಂದು ಫ್ರೆಂಚ್ ಸರ್ಕಾರವೇ ಆ ಕೆಲಸಕ್ಕೆ ಹಣ ಕೊಟ್ಟಿತ್ತು.

ಹಾಗಾಗಿ ಒತ್ತಡದ ಪ್ರಶ್ನೆಗೆ ಉತ್ತರ ಪುಟ ತೆರೆದರೆ ಸಿಗುತ್ತದೆ. ಎಷ್ಟು ಹಬೆ ಉಳಿಯಿತು ಎಂಬುದಕ್ಕೆ ಮಾತ್ರ ಸ್ವಲ್ಪ ಯೋಚಿಸಬೇಕು.

ಯೋಚನೆ ಶುರುವಾಗಬೇಕಾದದ್ದು ತಣ್ಣಗಾಗುವಾಗ ಏನು ಬದಲಾಗುವುದಿಲ್ಲ ಎಂಬಲ್ಲಿಂದ. ಟ್ಯಾಂಕ್ ಗಟ್ಟಿ, ಹಾಗಾಗಿ ಗಾತ್ರ ಬದಲಾಗದು. ವಾಲ್ವ್ ಮುಚ್ಚಿದೆ, ಹಾಗಾಗಿ ಒಳಗಿನ ವಸ್ತುವಿನ ತೂಕವೂ ಬದಲಾಗದು. ಗಾತ್ರವನ್ನು ತೂಕದಿಂದ ಭಾಗಿಸಿದರೆ ಸಿಗುವ ಅಂಕಿ, ಅಂದರೆ ಪ್ರತಿ ಕೆಜಿಗೆ ಸಿಕ್ಕಿರುವ ಜಾಗ, ಮೊದಲಿನಿಂದ ಕೊನೆಯವರೆಗೂ ಒಂದೇ. ಇದಕ್ಕೆ ಸ್ಪೆಸಿಫಿಕ್ ವಾಲ್ಯೂಮ್ ಎಂದು ಹೆಸರು, `v` ಎಂದು ಬರೆಯುತ್ತಾರೆ. ಒತ್ತಡ ಕುಸಿಯುತ್ತದೆ, ತಾಪಮಾನ ಇಳಿಯುತ್ತದೆ, ಹಬೆ ನೀರಾಗುತ್ತದೆ. ಈ ಒಂದು ಅಂಕಿ ಮಾತ್ರ ಅಲುಗುವುದಿಲ್ಲ. ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ.

ಟೇಬಲ್‌ನಲ್ಲಿ 10 ಬಾರ್ ಸಾಲು ನೋಡಿ. ಹಬೆಯ ಕಾಲಮ್‌ನಲ್ಲಿ ಪ್ರತಿ ಕೆಜಿಗೆ 0.1944 ಘನ ಮೀಟರ್ ಎಂದಿದೆ. ನಮ್ಮ ಟ್ಯಾಂಕಿನಲ್ಲಿ ಬರಿಯ ಹಬೆಯೇ ಇರುವುದರಿಂದ ನಮ್ಮ `v` ಇದೇ. ಒಂದು ಘನ ಮೀಟರನ್ನು ಇದರಿಂದ ಭಾಗಿಸಿದರೆ 5.145 ಕೆಜಿ. ಸಾವಿರ ಲೀಟರ್ ಟ್ಯಾಂಕಿನಲ್ಲಿ ಇರುವುದು ಐದು ಕೆಜಿ ಚಿಲ್ಲರೆ ವಸ್ತು, ಅಷ್ಟೇ.

ಈಗ 100 ಡಿಗ್ರಿ ಸಾಲಿಗೆ ಬನ್ನಿ. ಆ ತಾಪಮಾನದಲ್ಲಿ ಒಂದು ಕೆಜಿ ನೀರು ಹಿಡಿಯುವ ಜಾಗ 0.001043 ಘನ ಮೀಟರ್, ಅಂದರೆ ಒಂದು ಲೀಟರ್‌ಗಿಂತ ತುಸು ಹೆಚ್ಚು. ಒಂದು ಕೆಜಿ ಹಬೆಗೆ ಬೇಕಾದದ್ದು 1.672 ಘನ ಮೀಟರ್. ಮೊದಲನೆಯದನ್ನು `vf` ಎಂದೂ ಎರಡನೆಯದನ್ನು `vg` ಎಂದೂ ಬರೆಯುವುದು ರೂಢಿ. ನಮ್ಮ 0.1944 ಇವೆರಡರ ನಡುವೆ ಬೀಳುತ್ತದೆ. ಇದು ಮಾಡಲೇಬೇಕಾದ ಪರೀಕ್ಷೆ. ನಡುವೆ ಬಿದ್ದರೆ ಟ್ಯಾಂಕಿನಲ್ಲಿ ನೀರೂ ಇದೆ, ಹಬೆಯೂ ಇದೆ. `vg`ಗಿಂತ ಹೆಚ್ಚಿದ್ದರೆ ಹಬೆ ಇನ್ನೂ ಹನಿಗಟ್ಟಲು ಶುರುವಾಗಿಯೇ ಇಲ್ಲ. ಆಗ ಈ ಸಾಲಿನಿಂದ ಒತ್ತಡ ಓದುವ ಹಾಗಿಲ್ಲ. ಸೂಪರ್‌ಹೀಟ್ ಆದ ಹಬೆಯಿಂದ ಶುರು ಮಾಡಿದವರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಒಟ್ಟು ತೂಕದಲ್ಲಿ ಹಬೆಯ ಪಾಲು `x` ಆಗಿರಲಿ. ಇದೇ ಡ್ರೈನೆಸ್ ಫ್ರಾಕ್ಷನ್, ಹಬೆ ಎಷ್ಟು ಒಣಗಿದೆ ಎಂಬುದರ ಅಳತೆ. ಪೂರ್ತಿ ಹಬೆಯಾದರೆ ಒಂದು, ಪೂರ್ತಿ ನೀರಾದರೆ ಸೊನ್ನೆ. ಒಂದು ಕೆಜಿ ಮಿಶ್ರಣದಲ್ಲಿ `x` ಪಾಲು ಹಬೆಯೂ ಉಳಿದದ್ದು ನೀರೂ ಆಗಿ, ಎರಡೂ ಸೇರಿ ನಮ್ಮ ಬದಲಾಗದ ಜಾಗವನ್ನು ತುಂಬಬೇಕು. ಇಷ್ಟನ್ನೇ ಸೂತ್ರವಾಗಿ ಬರೆದರೆ:

```
x = (v − vf) / (vg − vf)
x = (0.1944 − 0.0010) / (1.6720 − 0.0010) = 0.1157
```

ಅಂದರೆ 5.145 ಕೆಜಿಯಲ್ಲಿ ಹಬೆಯಾಗಿ ಉಳಿದದ್ದು ಸುಮಾರು 0.6 ಕೆಜಿ. ಮಿಕ್ಕ 4.55 ಕೆಜಿ ನೀರಾಗಿ ತಳ ಸೇರಿದೆ. ತೂಕದಲ್ಲಿ ಎಂಟರಲ್ಲಿ ಏಳು ಪಾಲಿಗಿಂತ ಹೆಚ್ಚು ನೀರೇ. ಆದರೂ ಇಣುಕು ಗಾಜಿನಿಂದ ನೋಡಿದವರಿಗೆ ಟ್ಯಾಂಕ್ ಖಾಲಿಯಂತೆಯೇ ಕಾಣುತ್ತದೆ. 4.55 ಕೆಜಿ ನೀರು ಹಿಡಿಯುವುದು ಐದು ಲೀಟರ್‌ಗೂ ಕಡಿಮೆ ಜಾಗ. ಉಳಿದ 995 ಲೀಟರ್ ಜಾಗವನ್ನು ಆ 0.6 ಕೆಜಿ ಹಬೆಯೇ ತುಂಬಿಕೊಂಡಿದೆ. ಡ್ರೈನೆಸ್ ಫ್ರಾಕ್ಷನ್ ತೂಕದ ಪಾಲು, ಗಾತ್ರದ ಪಾಲಲ್ಲ. ಇದನ್ನು ಮರೆತವರಿಗೆ 0.1157 ಎಂಬ ಉತ್ತರವೇ ತಪ್ಪೆಂದು ತೋರಬಹುದು.

ದಾರಿ ನಡುವಿನ ಒಂದೆರಡು ನಿಲ್ದಾಣಗಳಲ್ಲೂ ಇದೇ ಲೆಕ್ಕ ಮಾಡಿ ನೋಡಬೇಕು, ಅದರಲ್ಲಿ ನನಗೆ ತುಂಬ ಹಿಡಿಸುವ ಸಂಗತಿಯಿದೆ. ಟ್ಯಾಂಕ್ 180ರಿಂದ 150 ಡಿಗ್ರಿಗೆ, ಬರೀ 30 ಡಿಗ್ರಿ ಇಳಿದಾಗ ಒತ್ತಡ 10ರಿಂದ 4.76 ಬಾರ್‌ಗೆ ಬಿದ್ದಿರುತ್ತದೆ, `x` 0.494 ಆಗಿರುತ್ತದೆ. ಮೊದಲ 30 ಡಿಗ್ರಿಯಲ್ಲೇ ಅರ್ಧಕ್ಕಿಂತ ಹೆಚ್ಚು ಹಬೆ ನೀರಾಗಿಬಿಟ್ಟಿತು! ಅದೇ 60ರಿಂದ 30 ಡಿಗ್ರಿಗೆ ಇಳಿಯುವಾಗ ನೀರಾಗುವುದು ನೂರು ಗ್ರಾಂನಷ್ಟು ಮಾತ್ರ, ಏಕೆಂದರೆ 60 ಡಿಗ್ರಿ ತಲುಪುವ ಹೊತ್ತಿಗೆ ಉಳಿದಿರುವ ಹಬೆಯೇ ಸುಮಾರು 130 ಗ್ರಾಂ.

ಈ ಅಂಕಿಗಳ ಬಗ್ಗೆ ಒಂದು ಮಾತು. ಟೇಬಲ್ ಹೇಳುವುದು ಒಳಗೆಲ್ಲ ತಾಪಮಾನ ಸಮವಾಗಿ, ನೀರೂ ಹಬೆಯೂ ಸಮತೋಲಕ್ಕೆ ಬಂದ ಮೇಲಿನ ಸ್ಥಿತಿಯನ್ನು. ಹೊರಗಿನಿಂದ ತಣ್ಣೀರು ಸುರಿದು ಅವಸರದಲ್ಲಿ ತಣಿಸುವಾಗ ಗೋಡೆ ಒಂದು ತಾಪಮಾನದಲ್ಲಿ, ತಳದ ನೀರು ಇನ್ನೊಂದರಲ್ಲಿ ಇರುತ್ತದೆ. ಆ ಹೊತ್ತಿನಲ್ಲಿ ಒಂದು ಥರ್ಮಾಮೀಟರ್ ಓದಿ ಇಡೀ ಟ್ಯಾಂಕಿನ `x` ಹೇಳುವುದು ಸರಿಯಲ್ಲ.

ಇನ್ನು ಹೊರಹೋದ ಶಾಖ. ಇಲ್ಲಿ ವಿದ್ಯಾರ್ಥಿಗಳ ಕೈ ತಾನಾಗಿಯೇ ಎಂಥಾಲ್ಪಿಯ ಕಾಲಮ್‌ಗೆ ಹೋಗುತ್ತದೆ, ಬಾಯ್ಲರ್ ಮತ್ತು ಟರ್ಬೈನ್ ಲೆಕ್ಕಗಳಲ್ಲಿ ಅದನ್ನೇ ಬಳಸಿ ರೂಢಿಯಾಗಿರುವುದರಿಂದ. ಆದರೆ ನಮ್ಮ ಟ್ಯಾಂಕಿನೊಳಗೆ ಏನೂ ಹರಿದು ಬರುವುದಿಲ್ಲ, ಹೊರಗೆ ಹೋಗುವುದಿಲ್ಲ. ಗೋಡೆ ಕದಲದೆ ಇರುವುದರಿಂದ ಯಾವ ಕೆಲಸವೂ ನಡೆಯುವುದಿಲ್ಲ. ಹೋದ ಶಾಖವಷ್ಟೂ ಆಂತರಿಕ ಶಕ್ತಿಯಿಂದಲೇ ಹೋದದ್ದು. ಆದ್ದರಿಂದ ನೋಡಬೇಕಾದದ್ದು `u` ಕಾಲಮ್. ಶುರುವಿನಲ್ಲಿ ಪ್ರತಿ ಕೆಜಿಗೆ 2582.8 ಕಿಲೋಜೌಲ್ ಇತ್ತು. 100 ಡಿಗ್ರಿಯಲ್ಲಿ ನೀರಿನ 419.1ಕ್ಕೆ, 2087.0 ಅನ್ನು 0.1157ರಿಂದ ಗುಣಿಸಿ ಕೂಡಿಸಿದರೆ 660.5. ವ್ಯತ್ಯಾಸವನ್ನು 5.145 ಕೆಜಿಯಿಂದ ಗುಣಿಸಿದರೆ ಹೊರಹೋದ ಶಾಖ ಸುಮಾರು 9,890 ಕಿಲೋಜೌಲ್.

ಎಂಥಾಲ್ಪಿ ಬಳಸಿದ್ದರೆ ಸುಮಾರು 10,790 ಬರುತ್ತಿತ್ತು. ಸುಮಾರು 900 ಕಿಲೋಜೌಲ್ ಹೆಚ್ಚುವರಿ. ಅದು ಎಲ್ಲಿಂದ ಬಂತೆಂದು ಹುಡುಕಿದರೆ ಗುಟ್ಟು ಬಯಲಾಗುತ್ತದೆ. ಒತ್ತಡದ ಇಳಿಕೆಯನ್ನು ಟ್ಯಾಂಕಿನ ಗಾತ್ರದಿಂದ ಗುಣಿಸಿ: 1000 ಕಿಲೋಪಾಸ್ಕಲ್‌ನಿಂದ 101ಕ್ಕೆ ಬಿದ್ದದ್ದು 899, ಗಾತ್ರ ಒಂದು ಘನ ಮೀಟರ್. ಎಂಥಾಲ್ಪಿಯ ಅಂಕಿಯೊಳಗೆ ಒತ್ತಡ ಮತ್ತು ಗಾತ್ರದ ಗುಣಲಬ್ಧವೂ ಸೇರಿರುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಅದಕ್ಕೆ ಲೆಕ್ಕದಲ್ಲಿ ಜಾಗವಿಲ್ಲ. ಉತ್ತರ ಅನುಮಾನ ತರಿಸಿದಾಗ ಈ ವ್ಯತ್ಯಾಸವನ್ನು ತಾಳೆ ನೋಡಿದರೆ ಯಾವ ಕಾಲಮ್ ಬಳಸಿದ್ದೇವೆಂದು ಕೂಡಲೇ ತಿಳಿಯುತ್ತದೆ.

ಕೆಲವೊಮ್ಮೆ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ: ಇದೇ ಟ್ಯಾಂಕಿನಿಂದ 5,000 ಕಿಲೋಜೌಲ್ ಶಾಖ ತೆಗೆದರೆ ಕೊನೆಯ ಒತ್ತಡ ಎಷ್ಟು? ಈಗ ತಾಪಮಾನವೂ ಗೊತ್ತಿಲ್ಲ, ಒತ್ತಡವೂ ಗೊತ್ತಿಲ್ಲ. ನೇರ ಸೂತ್ರ ಇಲ್ಲಿ ಕೈಕೊಡುತ್ತದೆ, ಊಹಿಸಿ ತಾಳೆ ನೋಡುತ್ತ ಹೋಗಬೇಕು. ಪ್ರತಿ ಕೆಜಿಗೆ ಉಳಿಯಬೇಕಾದ ಆಂತರಿಕ ಶಕ್ತಿ 2582.8ರಲ್ಲಿ 971.8 ಕಳೆದು 1611. ಮೊದಲು 5 ಬಾರ್ ಎಂದು ಊಹಿಸೋಣ. ಆ ಸಾಲಿನ ಅಂಕಿಗಳಿಂದ `x` 0.517 ಬರುತ್ತದೆ, ಅದರಿಂದ ಶಕ್ತಿ 1633. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಒತ್ತಡ ಇನ್ನೂ ಇಳಿಯಬೇಕು. 4.5 ಬಾರ್ ಹಿಡಿದರೆ `x` 0.468, ಶಕ್ತಿ 1528. ಈಗ ಕಡಿಮೆಯಾಯಿತು. 1611 ಇವೆರಡರ ನಡುವೆ, 5 ಬಾರ್‌ಗೆ ಹತ್ತಿರದಲ್ಲಿದೆ. ಪ್ರಮಾಣ ಹಿಡಿದು ನೋಡಿದರೆ ಸುಮಾರು 4.9 ಬಾರ್, `x` ಸುಮಾರು 0.51. ಪ್ರತಿ ಊಹೆಯಲ್ಲೂ `v` 0.1944 ಆಗಿಯೇ ಉಳಿದಿತ್ತು ಎಂಬುದನ್ನು ಗಮನಿಸಿ. ಆ ಅಂಕಿ ಕೈಯಲ್ಲಿಲ್ಲದಿದ್ದರೆ ಊಹೆಗೆ ಬುಡವೇ ಇರುತ್ತಿರಲಿಲ್ಲ.

ಪುಸ್ತಕದಿಂದ ಶಾಪ್ ಫ್ಲೋರ್‌ಗೆ ಬಂದರೆ ಮೊದಲು ಎದುರಾಗುವುದು ಪ್ರೆಷರ್ ಗೇಜ್. ಟೇಬಲ್‌ನಲ್ಲಿರುವುದು ಸೊನ್ನೆಯಿಂದ ಅಳೆದ ನಿಜವಾದ ಒತ್ತಡ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. ಗೇಜ್‌ನಲ್ಲಿ 9 ಬಾರ್ ಕಂಡರೆ ಮಂಗಳೂರಿನಲ್ಲಿ ಒಳಗಿನ ಒತ್ತಡ 10 ಬಾರ್ ಆಗುತ್ತದೆ. ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್, ಹಾಗಾಗಿ 9.91. ಈ ಸಣ್ಣ ವ್ಯತ್ಯಾಸ ಹೋಗಲಿ ಎನ್ನಬಹುದು. ಆದರೆ ಗೇಜಿನ 9ನ್ನೇ ನೇರವಾಗಿ ಟೇಬಲ್‌ಗೆ ಒಯ್ದರೆ ಒಳಗಿನ ತೂಕ 5.15ರ ಬದಲು 4.65 ಕೆಜಿ ಬರುತ್ತದೆ, 100 ಡಿಗ್ರಿಯಲ್ಲಿ `x` 0.116ರ ಬದಲು 0.128. ಹತ್ತು ಪರ್ಸೆಂಟ್ ತಪ್ಪು ಒಂದೇ ಹೆಜ್ಜೆಯಲ್ಲಿ ನುಸುಳಿತು. ತಣ್ಣಗಾದ ಟ್ಯಾಂಕಿನ ಮೇಲಿನ ಗೇಜ್ ಕೂಡ ಊರಿಗೊಂದು ಮಾತು ಹೇಳುತ್ತದೆ. 100 ಡಿಗ್ರಿಯಲ್ಲಿ ಮಂಗಳೂರಿನ ಗೇಜ್ ಸೊನ್ನೆಯಲ್ಲಿದ್ದರೆ, ಬೆಂಗಳೂರಿನದು ಇನ್ನೂ 0.1 ಬಾರ್ ತೋರಿಸುತ್ತಿರುತ್ತದೆ. ಅಲ್ಲಿ ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗುವುದು 97 ಡಿಗ್ರಿಯ ಆಸುಪಾಸಿನಲ್ಲಿ; ಬೆಂಗಳೂರಿನಲ್ಲಿ ನೀರು ಕುದಿಯುವ ತಾಪಮಾನವೂ ಅದೇ.

ಎರಡನೆಯ ತೊಡಕು ಒಳಗೆ ಉಳಿದುಹೋದ ಗಾಳಿ. ಹಬೆ ತುಂಬುವ ಮುನ್ನ ಟ್ಯಾಂಕಿನ ಗಾಳಿಯನ್ನು ಪೂರ್ತಿ ಹೊರಹಾಕದಿದ್ದರೆ ಅದು ಎಷ್ಟು ತಣಿಸಿದರೂ ನೀರಾಗುವುದಿಲ್ಲ, ತನ್ನ ಪಾಲಿನ ಒತ್ತಡ ಕೊಡುತ್ತಲೇ ಇರುತ್ತದೆ. ಇದನ್ನು ಕಂಡುಹಿಡಿಯಲು ಟೇಬಲ್‌ಗಿಂತ ಒಳ್ಳೆಯ ಸಾಧನವಿಲ್ಲ. ನೀರೂ ಹಬೆಯೂ ಜೊತೆಗಿರುವ ಟ್ಯಾಂಕಿನಲ್ಲಿ ಥರ್ಮಾಮೀಟರ್ 100 ಡಿಗ್ರಿ ತೋರಿಸಿ, ನಿಜವಾದ ಒತ್ತಡ 1.5 ಬಾರ್ ಇದ್ದರೆ, ಟೇಬಲ್‌ನ 1.01 ಹೋಗಿ ಮಿಕ್ಕ 0.49 ಬಾರ್ ಗಾಳಿಯದು. ಆಸ್ಪತ್ರೆಯ ಆಟೋಕ್ಲೇವ್‌ನಲ್ಲಿ ಒತ್ತಡದ ಜೊತೆಗೆ ತಾಪಮಾನವನ್ನೂ ನೋಡಲೇಬೇಕು ಎನ್ನುವುದು ಇದಕ್ಕೇ. ಗಾಳಿ ಉಳಿದಿದ್ದರೆ ಗೇಜ್ ಸರಿಯಾಗಿದ್ದರೂ ಒಳಗೆ 121 ಡಿಗ್ರಿ ತಲುಪಿರುವುದಿಲ್ಲ, ಸೂಕ್ಷ್ಮಾಣುಗಳು ಸಾಯುವುದಿಲ್ಲ.

ಈಗ ನಮ್ಮ ಟ್ಯಾಂಕನ್ನು ಇನ್ನೂ ತಣಿಸೋಣ, ರಾತ್ರಿಯೆಲ್ಲ ಬಿಟ್ಟು 30 ಡಿಗ್ರಿಗೆ. ಟೇಬಲ್‌ನ ಆ ಸಾಲಿನಲ್ಲಿ ಒತ್ತಡ 0.042 ಬಾರ್, ಹಬೆಯ `vg` ಸುಮಾರು 32.9 ಘನ ಮೀಟರ್. ಅದೇ ಸೂತ್ರದಲ್ಲಿ `x` 0.0059. ಐದು ಕೆಜಿಯಲ್ಲಿ ಹಬೆಯಾಗಿ ಉಳಿದದ್ದು 30 ಗ್ರಾಂ. ಅನಿಲದ ನಿಯಮ ನಂಬಿಕೊಂಡಿದ್ದವರು ಈ ಹೊತ್ತಿನಲ್ಲೂ 6.7 ಬಾರ್ ಇದೆ ಎಂದುಕೊಂಡಿರುತ್ತಾರೆ. ನಿಜದಲ್ಲಿ ಒಳಗೆ ಬಹುಮಟ್ಟಿಗೆ ನಿರ್ವಾತ. ಬಿಸಿ ಸಾರು ಹಾಕಿ ಬಿಗಿಯಾಗಿ ಮುಚ್ಚಿದ ಸ್ಟೀಲ್ ಡಬ್ಬಿ ತಣ್ಣಗಾದ ಮೇಲೆ ಮುಚ್ಚಳ ಬಿಡಿಸಲು ಹೆಣಗುವುದು ಇದೇ ಕಾರಣಕ್ಕೆ, ಒತ್ತಡದ ವ್ಯತ್ಯಾಸ ಅಲ್ಲಿ ಚಿಕ್ಕದು ಅಷ್ಟೇ. ನಮ್ಮ ಟ್ಯಾಂಕಿನ ಮೇಲೆ, ಸಮುದ್ರ ಮಟ್ಟದಲ್ಲಿ, ಹೊರಗಿನ ಗಾಳಿ ಪ್ರತಿ ಚದರ ಮೀಟರ್‌ಗೆ ಸುಮಾರು 9.9 ಟನ್ ಭಾರದಷ್ಟು ಒತ್ತುತ್ತಿದೆ. ಅರ್ಧ ಮೀಟರ್ ಅಗಲದ ದುಂಡನೆಯ ಮ್ಯಾನ್‌ಹೋಲ್ ಮುಚ್ಚಳ ಒಂದರ ಮೇಲೆಯೇ 1.9 ಟನ್.

10 ಬಾರ್ ತಡೆದುಕೊಂಡ ಟ್ಯಾಂಕ್ ಒಂದು ಬಾರ್‌ಗೆ ಹೆದರುವುದುಂಟೇ ಎಂದು ಕೇಳಬಹುದು. ದಪ್ಪ ಉಕ್ಕಿನ ಬಾಯ್ಲರ್ ಡ್ರಮ್ ಹೆದರುವುದಿಲ್ಲ. ಆದರೆ ಒಳಗಿನಿಂದ ಒತ್ತುವುದಕ್ಕೂ ಹೊರಗಿನಿಂದ ಒತ್ತುವುದಕ್ಕೂ ಅಜಗಜಾಂತರವಿದೆ. ಒಳಗಿನ ಒತ್ತಡ ದುಂಡು ಗೋಡೆಯನ್ನು ಎಲ್ಲ ಕಡೆಗೂ ಎಳೆದು ಇನ್ನಷ್ಟು ದುಂಡಾಗಿಸುತ್ತದೆ, ಎಲ್ಲಾದರೂ ಸಣ್ಣ ತಗ್ಗಿದ್ದರೆ ಅದನ್ನೂ ಹೊರಕ್ಕೆ ತಳ್ಳಿ ಸರಿಪಡಿಸುತ್ತದೆ. ಹೊರಗಿನ ಒತ್ತಡ ಆ ತಗ್ಗನ್ನೇ ಹಿಡಿದು ಇನ್ನಷ್ಟು ಒಳಕ್ಕೆ ನೂಕುತ್ತದೆ. ತಗ್ಗು ಹೆಚ್ಚಿದಷ್ಟೂ ಗೋಡೆಯ ಶಕ್ತಿ ಕುಂದುತ್ತದೆ, ಒಂದು ಹಂತದಲ್ಲಿ ತಗಡು ಒಮ್ಮೆಲೇ ಮಡಚಿಕೊಳ್ಳುತ್ತದೆ. ಹಾಲಿನ ಡೇರಿ, ಆಹಾರ ಕಾರ್ಖಾನೆಗಳ ತೆಳು ಸ್ಟೀಲ್ ಟ್ಯಾಂಕ್‌ಗಳಿಗೆ ಈ ಅಪಾಯ ಹೆಚ್ಚು. ಬಿಸಿ ನೀರು ಇಲ್ಲವೇ ಹಬೆಯಿಂದ ತೊಳೆದು, ಮುಚ್ಚಳ ಹಾಕಿ, ಕೂಡಲೇ ತಣ್ಣೀರು ಸಿಂಪಡಿಸಿದರೆ ಒಳಗಿನ ಹಬೆ ಸೆಕೆಂಡುಗಳಲ್ಲಿ ನೀರಾಗುತ್ತದೆ. ಚಿಕ್ಕ ಗಾಳಿಕಿಂಡಿಯಿಂದ ಅಷ್ಟು ಬೇಗ ಗಾಳಿ ಒಳಬರಲಾರದು. ಆದ್ದರಿಂದ ಮ್ಯಾನ್‌ಹೋಲ್ ತೆರೆದಿಟ್ಟೇ ತಣಿಸುವುದು, ಮುಚ್ಚಲೇಬೇಕಾದ ಟ್ಯಾಂಕಿಗೆ ಸಾಕಷ್ಟು ದೊಡ್ಡ ವ್ಯಾಕ್ಯೂಮ್ ಬ್ರೇಕರ್ ವಾಲ್ವ್ ಕೂರಿಸುವುದು ರೂಢಿಯಲ್ಲಿದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆಯಾದೊಡನೆ ಆ ವಾಲ್ವ್ ತಾನಾಗಿ ತೆರೆದು ಗಾಳಿ ಒಳಬಿಡುತ್ತದೆ. ಅದರ ಸ್ಪ್ರಿಂಗ್ ತುಕ್ಕು ಹಿಡಿದು ಅಂಟಿಕೊಂಡಿಲ್ಲ, ಬಾಯಿ ಕಸದಿಂದ ಕಟ್ಟಿಲ್ಲ ಎಂದು ಆಗಾಗ ನೋಡಬೇಕು.

ಎಷ್ಟು ಗಾಳಿ ಒಳಬರಬೇಕು ಎಂಬುದನ್ನೂ ಇದೇ ಲೆಕ್ಕದಿಂದ ಹೇಳಬಹುದು. ನಮ್ಮ ಟ್ಯಾಂಕಿನಲ್ಲಿ 30 ಡಿಗ್ರಿಯಲ್ಲಿ ಹಬೆಯ ಪಾಲು 0.042 ಬಾರ್, ಸಮುದ್ರ ಮಟ್ಟದ ಗಾಳಿಯೊಂದಿಗೆ ಸಮನಾಗಲು ಗಾಳಿಯ ಪಾಲು 0.97 ಬಾರ್ ಆಗಬೇಕು. ತಳದ ಐದು ಲೀಟರ್ ನೀರು ಬಿಟ್ಟು ಮಿಕ್ಕ 995 ಲೀಟರ್ ಜಾಗಕ್ಕೆ ಅದು ಸುಮಾರು 1.1 ಕೆಜಿ ಗಾಳಿ. ಗಾಳಿ ಎಂದೂ ನೀರಾಗದ್ದರಿಂದ ಇಲ್ಲಿ ಮಾತ್ರ ಶಾಲೆಯ ಅನಿಲ ನಿಯಮವನ್ನು ಧಾರಾಳವಾಗಿ ಬಳಸಬಹುದು.